ಕೊರಿಯರ್ ಬದಲಾಯಿಸುವ ವಿಚಾರವಾಗಿ ಭಾವನಿಗೆ ಪತ್ರ

ಚನ್ನಪಟ್ಟಣ
8 ಜುಲೈ 2025

ಭಾವ, ನಮಸ್ಕಾರ.

ಕೊರಿಯರ್ ವಿಚಾರ ಫೋನಿನಲ್ಲಿ ಮಾತಾಡಿದರೆ ಲೆಕ್ಕ ಸರಿಯಾಗಿ ತಲೆಗೆ ಹೋಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಗೊಂಬೆಗಳನ್ನು ಇನ್ನು ಮುಂದೆ ಹೆದ್ದಾರಿ ಪಕ್ಕದ ಕೊರಿಯರ್‌ನವರಿಗೇ ಕೊಡೋಣ, ಪೇಟೆ ಬೀದಿಯವರನ್ನು ಬಿಡೋಣ. ಇದು ನನ್ನ ಗಟ್ಟಿ ಅಭಿಪ್ರಾಯ.

ಪೇಟೆ ಬೀದಿಯವರದು ಕೆಜಿಗೆ 36 ರೂಪಾಯಿ, ಹೆದ್ದಾರಿಯವರದು 52. ಈ ಎರಡು ಅಂಕಿ ನೋಡಿ ನೀವು ಪೇಟೆ ಬೀದಿಯವರೇ ಸಾಕು ಅಂದಿರಿ. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಗೊಂಬೆ ಹಗುರ, ಬಾಕ್ಸ್ ದೊಡ್ಡದು. ಹಾಗಾಗಿ ಇಬ್ಬರೂ ತಕ್ಕಡಿಯ ತೂಕಕ್ಕಲ್ಲ, ಬಾಕ್ಸಿನ ಅಳತೆಗೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಹೆದ್ದಾರಿಯವರು 5000ದಿಂದ ಭಾಗಿಸುತ್ತಾರೆ, ಪೇಟೆ ಬೀದಿಯವರು 4000ದಿಂದ. ನಮ್ಮ ಮಾಮೂಲಿ ಬಾಕ್ಸ್ 40, 30, 25. ತಕ್ಕಡಿಯಲ್ಲಿ ಮೂರೂವರೆ ಕೆಜಿ. ಹೆದ್ದಾರಿಯವರ ಲೆಕ್ಕಕ್ಕೆ ಅದು 6 ಕೆಜಿ, ಅಂದರೆ 312 ರೂಪಾಯಿ. ಪೇಟೆ ಬೀದಿಯವರ ಲೆಕ್ಕಕ್ಕೆ ಏಳೂವರೆ, ಅದನ್ನು 8 ಮಾಡಿ 288 ಹಾಕುತ್ತಾರೆ. ಕೆಜಿಗೆ 16 ರೂಪಾಯಿ ಕಾಣುತ್ತಿದ್ದ ವ್ಯತ್ಯಾಸ ಇಡೀ ಬಾಕ್ಸಿಗೆ ಬರೀ 24 ರೂಪಾಯಿಗೆ ಬಂದು ನಿಂತಿತು. ಜಿಎಸ್‌ಟಿ ಇಬ್ಬರದೂ ಶೇಕಡಾ 18, ಅದರಲ್ಲಿ ಹೆಚ್ಚುಕಡಿಮೆ ಇಲ್ಲ.

ಈಗ ಒಡೆದ ಮಾಲಿನ ಲೆಕ್ಕ. ಏಪ್ರಿಲ್‌ನಿಂದ ಜೂನ್‌ವರೆಗೆ ಇಬ್ಬರಿಗೂ ಮಾಲು ಕೊಟ್ಟು ನೋಡಿದೆವಲ್ಲ, ಪುಸ್ತಕದಲ್ಲಿ ಎಲ್ಲ ಬರೆದಿದ್ದೇನೆ. ಪೇಟೆ ಬೀದಿಯವರು ಒಯ್ದ 140 ಬಾಕ್ಸಿನಲ್ಲಿ 11 ಹಾಳಾದವು. ಹೆದ್ದಾರಿಯವರ 128ರಲ್ಲಿ 3. ಪ್ಯಾಕಿಂಗ್ ಎರಡಕ್ಕೂ ಒಂದೇ, ಅದೇ ಐದು ಪದರದ ರಟ್ಟು, ಕಟ್ಟಿದ್ದೂ ಅದೇ ಹುಡುಗ.

ದೆಹಲಿ, ಗುವಾಹಟಿಯಂಥ ದೂರದ ಮಾಲು ಪೇಟೆ ಬೀದಿಯವರಿಗೇ ಜಾಸ್ತಿ ಹೋಗಿತ್ತು, ಅದಕ್ಕೇ ಒಡೆದಿರಬಹುದು ಅಂತ ನೀವು ಕೇಳಬಹುದು. ನನಗೂ ಆ ಅನುಮಾನ ಬಂತು. ಬೆಂಗಳೂರು, ಹೈದರಾಬಾದ್, ಚೆನ್ನೈ ಮಾತ್ರ ಬೇರೆ ತೆಗೆದು ನೋಡಿದೆ. ಅಲ್ಲೂ ಪೇಟೆ ಬೀದಿಯವರದು 78ಕ್ಕೆ 5, ಹೆದ್ದಾರಿಯವರದು 80ಕ್ಕೆ 1. ಹಾಗಾಗಿ ದೂರದ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ಗಿರಾಕಿಗಳು ಕಳಿಸಿದ ಫೋಟೋ ನೋಡಿ: ಬಾಕ್ಸಿನ ಮೂಲೆ ಒಳಗೆ ಕುಸಿದಿದೆ, ಕುದುರೆಯ ಕಿವಿ ಮುರಿದಿದೆ, ಗಾಡಿಯ ಚಕ್ರದ ಕಡ್ಡಿ ತುಂಡಾಗಿದೆ. ಮೇಲೆ ಭಾರದ ಮೂಟೆ ಹೇರಿದರೆ ಆಗುವುದು ಇದೇ. ಹಾಲೆ ಮರ ಮೆದು, ಅದಕ್ಕೇ ಚೆನ್ನಾಗಿ ಕಡೆಯಲು ಬರುತ್ತದೆ, ಆದರೆ ಸಣ್ಣ ಭಾಗಗಳು ಆ ಭಾರ ತಡೆಯುವುದಿಲ್ಲ. ಅರಗಿನ ಬಣ್ಣ ಒಮ್ಮೆ ಗೀಚಿದರೆ ಮತ್ತೆ ಕಡೆಯುವ ಯಂತ್ರಕ್ಕೆ ಏರಿಸಬೇಕು.

ಹಾಳಾದ ಪ್ರತಿ ಬಾಕ್ಸಿಗೆ ಬದಲಿ ಗೊಂಬೆ, ಮತ್ತೆ ಕಳಿಸುವ ಖರ್ಚು ಸೇರಿ ಸುಮಾರು ಸಾವಿರ ರೂಪಾಯಿ ಕೈಬಿಡುತ್ತಿದೆ. ಅದನ್ನು ಎಲ್ಲ ಬಾಕ್ಸಿಗೂ ಹಂಚಿದರೆ ಪೇಟೆ ಬೀದಿಯವರಿಗೆ 79 ಕೂಡಿಸಬೇಕು, 367 ಆಯಿತು. ಹೆದ್ದಾರಿಯವರಿಗೆ 23, ಒಟ್ಟು 335. ಬಾಕ್ಸಿಗೆ 32 ರೂಪಾಯಿ ಉಳಿತಾಯ. ತಿಂಗಳಿಗೆ 90 ಬಾಕ್ಸ್ ಅಂದರೂ 2,880. ಗಿರಾಕಿಯ ಬೇಸರವನ್ನು ನಾನು ಇದರಲ್ಲಿ ಸೇರಿಸಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಅಂತ ತರಿಸಿದ ಕುದುರೆ ಕಿವಿ ಮುರಿದು ಬಂದರೆ ಆ ಮನೆಯವರು ನಮ್ಮ ಅಂಗಡಿಯಿಂದ ಮತ್ತೆ ತರಿಸುತ್ತಾರಾ?

ನಷ್ಟ ಪರಿಹಾರವೂ ಹಾಗೇ. ಹೆದ್ದಾರಿಯವರು ಮೂರರಲ್ಲಿ ಎರಡಕ್ಕೆ ದುಡ್ಡು ಕೊಟ್ಟರು, ಇನ್ನೊಂದು ಮಳೆಗೆ ನೆನೆದದ್ದು, ವಿಚಾರಿಸುತ್ತಿದ್ದಾರೆ. ಬಂದ ದುಡ್ಡನ್ನು ಮೇಲಿನ ಲೆಕ್ಕದಲ್ಲಿ ಕಳೆದಿಲ್ಲ. ಪೇಟೆ ಬೀದಿಯವರಿಂದ ಹನ್ನೊಂದಕ್ಕೂ ಒಂದು ರೂಪಾಯಿ ಬಂದಿಲ್ಲ.

ಹೆದ್ದಾರಿಯವರಲ್ಲಿ ತೊಂದರೆ ಇಲ್ಲವೆಂದಲ್ಲ. 10,000 ಡೆಪಾಸಿಟ್ ಕೇಳುತ್ತಾರೆ, ತಿಂಗಳಿಗೆ ಕನಿಷ್ಠ 20,000ದ ಬಿಲ್ ಆಗಬೇಕು ಅನ್ನುತ್ತಾರೆ. ನಮ್ಮದು ಹೇಗೂ 28,000 ದಾಟುತ್ತದೆ, ಅದರ ಚಿಂತೆ ಬೇಡ. ಸಣ್ಣ ಊರಿನ ಕೆಲವು ಪಿನ್‌ಕೋಡಿಗೆ ಅವರು ಹೋಗುವುದಿಲ್ಲ. ಅವನ್ನು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡೋಣ.

ಈ 15ರೊಳಗೆ ಸಹಿ ಹಾಕಿದರೆ ಮಾರ್ಚ್‌ವರೆಗೆ ಇದೇ ರೇಟು ಕೊಡುತ್ತಾರಂತೆ, ಬರಹದಲ್ಲಿ ತೆಗೆದುಕೊಂಡಿದ್ದೇನೆ. ದಸರಾ ಗೊಂಬೆ ಕೂರಿಸುವವರ ಆರ್ಡರ್ ಆಗಸ್ಟ್‌ನಲ್ಲೇ ಶುರುವಾಗುತ್ತದೆ, ಅಷ್ಟರೊಳಗೆ ಇದು ಮುಗಿಯಬೇಕು. ಪುಸ್ತಕದ ಹಾಳೆಗಳು, ಎರಡೂ ಕಡೆಯ ರೇಟು ಪಟ್ಟಿ ಜೊತೆಗಿಟ್ಟಿದ್ದೇನೆ. ನೋಡಿ ಶನಿವಾರದೊಳಗೆ ಒಪ್ಪಿಗೆ ತಿಳಿಸಿ, ಸೋಮವಾರ ಡೆಪಾಸಿಟ್ ಕಟ್ಟುತ್ತೇನೆ.

ಅಕ್ಕನಿಗೆ ನಮಸ್ಕಾರ ಹೇಳಿ.

ಇಂತಿ,
ನಿಮ್ಮ ಭಾಮೈದ