ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬರಬಹುದಾದ ದುಡ್ಡು: ನಮ್ಮ ಸ್ಪ್ರಿಂಕ್ಲರ್ ಅಂಗಡಿ, ಚಿಕ್ಕಮಗಳೂರು

ಅಣ್ಣಾ, ನೀನು ಕೇಳಿದ ಆರು ತಿಂಗಳ ಲೆಕ್ಕ ಇದು. ಕೈಯಲ್ಲಿರುವ ವಿಚಾರಣೆಗಳನ್ನೆಲ್ಲ ಕೂಡಿಸಿದರೆ 48 ಲಕ್ಷ ಆಗುತ್ತದೆ. ಅದನ್ನು ನೋಡಿ ಖುಷಿಪಡಬೇಡ.

ಎಲ್ಲವೂ ಕೈಗೂಡುವುದಿಲ್ಲ, ಅದಕ್ಕೇ ಪ್ರತಿಯೊಂದಕ್ಕೂ ಸಾಧ್ಯತೆಯ ಶೇಕಡಾವಾರು ಹಾಕಿದ್ದೇನೆ. ಅದು ಸುಮ್ನೆ ಹಾಕಿದ್ದಲ್ಲ, ಕಳೆದ ಎರಡು ವರ್ಷದ ನಮ್ಮ ಡೈರಿಯಿಂದ ತೆಗೆದದ್ದು. 120 ಜನ ಫೋನ್ ಮಾಡಿದ್ದರು. 48 ತೋಟ ನೋಡಿ ಬಂದೆವು, 30 ಕೊಟೇಶನ್ ಕೊಟ್ಟೆವು, 17 ಕಡೆ ರೇಟು ಕುದುರಿತು, 13 ಅಡ್ವಾನ್ಸ್ ಬಂತು. ಮುಗಿಸಿದ ಕೆಲಸ 12. ಹಾಗಾಗಿ ಫೋನ್ ಹಂತಕ್ಕೆ 10%, ತೋಟ ನೋಡಿದ್ದಕ್ಕೆ 25%, ಕೊಟೇಶನ್‌ಗೆ 40%, ರೇಟು ಕುದುರಿದ್ದಕ್ಕೆ 70%, ಅಡ್ವಾನ್ಸ್ ಬಂದದ್ದಕ್ಕೆ 90%.

| ಕೆಲಸ | ಬರಬೇಕಾದ್ದು (ರೂ.) | ಸಾಧ್ಯತೆ | ಲೆಕ್ಕಕ್ಕೆ (ರೂ.) | ದುಡ್ಡು ಬರುವ ತಿಂಗಳು |
|---|---|---|---|---|
| ಆಲ್ದೂರು (ಅಡ್ವಾನ್ಸ್ ಕಳೆದು) | 4,50,000 | 90% | 4,05,000 | ನವೆಂಬರ್ |
| ಮೂಡಿಗೆರೆ, ರೇಟು ಕುದುರಿದೆ | 8,00,000 | 70% | 5,60,000 | ಡಿಸೆಂಬರ್ |
| ಬಾಳೆಹೊನ್ನೂರು, ಕೊಟೇಶನ್ | 5,00,000 | 40% | 2,00,000 | ಜನವರಿ |
| ಬೇಲೂರು ಕಡೆಯ 3 ಸಣ್ಣ ತೋಟ, ನೋಡಿದ್ದೇವೆ | 4,50,000 | 25% | 1,12,500 | ಜನವರಿ |
| ಸಕಲೇಶಪುರ, ಕೊಟೇಶನ್ | 20,00,000 | 20% | 4,00,000 | ಫೆಬ್ರವರಿ |
| ಫೋನ್ ವಿಚಾರಣೆ, 6 | 6,00,000 | 10% | 60,000 | ಮಾರ್ಚ್ |

ಇದು 17,37,500. ರಿಪೇರಿ ಕೆಲಸದಿಂದ ತಿಂಗಳಿಗೆ 40,000 ಸೇರಿಸಿದರೆ ಒಟ್ಟು 19,77,500. ತಿಂಗಳವಾರು: ಅಕ್ಟೋಬರ್ 40,000, ನವೆಂಬರ್ 4,45,000, ಡಿಸೆಂಬರ್ 6,00,000, ಜನವರಿ 3,52,500, ಫೆಬ್ರವರಿ 4,40,000, ಮಾರ್ಚ್ 1,00,000. ಇದು ಬಿಲ್ಲಿನ ಮೊತ್ತ, ಲಾಭವಲ್ಲ. ಪೈಪು, ಮೋಟಾರಿಗೇ ಮುಕ್ಕಾಲು ಪಾಲು ಹೋಗುತ್ತದೆ ಅಂತ ನಿನಗೆ ಗೊತ್ತೇ ಇದೆ.

ಸಕಲೇಶಪುರಕ್ಕೆ 40% ಹಾಕಬೇಕಿತ್ತು, ನಾನೇ ಅರ್ಧ ಇಳಿಸಿದೆ. ಕೊಟೇಶನ್ ಕೊಟ್ಟು ಎರಡು ತಿಂಗಳಾಯಿತು. ಮಾಲೀಕರು ಬೆಂಗಳೂರಿನಲ್ಲಿದ್ದಾರೆ, ಫೋನ್ ಎತ್ತುವುದು ತೋಟದ ರೈಟರ್ ಮಾತ್ರ. ಇನ್ನೂ ಮೂರು ಕಡೆ ರೇಟು ಕೇಳಿದ್ದಾರಂತೆ. ಅದಕ್ಕಿಂತ ಮುಖ್ಯ, ಅಲ್ಲಿಂದ 4 ಲಕ್ಷ ಅಂತೂ ಯಾವತ್ತೂ ಬರುವುದಿಲ್ಲ. ಬಂದರೆ 20, ಇಲ್ಲವಾದರೆ ಸೊನ್ನೆ. ಆದ್ದರಿಂದ ಖರ್ಚು ನಿರ್ಧರಿಸುವಾಗ ಅದನ್ನು ಬಿಟ್ಟು 15,77,500 ಅಂತಲೇ ಇಟ್ಟುಕೊಳ್ಳೋಣ. ಎರಡನೇ ಪಿಕಪ್ ಮಾತು ಅವರ ಅಡ್ವಾನ್ಸ್ ಬಂದ ಮೇಲೆ.

ಇನ್ನೊಂದು ವಿಷಯ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂ ಅರಳಲು ಜೆಟ್‌ನಲ್ಲಿ ನೀರು ಹೊಡೆಯಬೇಕು. ಅಷ್ಟರೊಳಗೆ ಪೈಪು ಎಳೆದಿರಬೇಕಲ್ವಾ? ಜನವರಿ ಕೊನೆಗೂ ಅಡ್ವಾನ್ಸ್ ಕೊಡದವರನ್ನು ಈ ಸೀಸನ್‌ನಿಂದ ತೆಗೆದುಬಿಡುತ್ತೇನೆ. ಹೂಮಳೆ ಬೇಗ ಬಿದ್ದರೆ ಮಾರ್ಚಿನ 60,000 ಕೂಡ ಹೋದಂತೆ.

ಸದ್ಯದ ತಲೆನೋವು ಅಕ್ಟೋಬರ್. ಸಂಬಳ, ಬಾಡಿಗೆ ಸೇರಿ 90,000 ಬೇಕು, ಬರುವುದು 40,000. ಆಲ್ದೂರಿಗೆ ಈ ತಿಂಗಳ 25ಕ್ಕೆ ಪೈಪು ಇಳಿಸುತ್ತೇವೆ. ಅವತ್ತೇ 1,50,000 ಕೇಳು. ನಿನ್ನ ಮಾತಿಗೆ ಅವರು ಇಲ್ಲ ಅನ್ನುವುದಿಲ್ಲ, ನಾನು ಕೇಳಿದರೆ ಕಾಫಿ ಕುಡಿಸಿ ಕಳಿಸುತ್ತಾರೆ. ಕೊಟ್ಟರೆ ನವೆಂಬರ್‌ನಿಂದ ಅಷ್ಟು ಕಳೆದು ಅಕ್ಟೋಬರಿಗೆ ಹಾಕುತ್ತೇನೆ.