ವಿಷಯ: ನಿಮ್ಮ ಗೊಂಬೆ ಅಂಗಡಿಯ ವೆಬ್‌ಸೈಟಿನಲ್ಲಿ ಕನ್ನಡ ಓದಲು ಆಗುತ್ತಿಲ್ಲ

ನಂಜುಂಡಪ್ಪನವರಿಗೆ ನಮಸ್ಕಾರ,

ನನ್ನ ಹೆಸರು ಸುಮಾ, ಊರು ಮದ್ದೂರು. ಹೋದ ತಿಂಗಳು ಚನ್ನಪಟ್ಟಣದ ನಿಮ್ಮ ಅಂಗಡಿಗೆ ಬಂದು ಅಕ್ಕನ ಮಗುವಿಗೆ ಒಂದು ಗಿಲಕಿ, ಒಂದು ಆನೆ ಗಾಡಿ ತೆಗೆದುಕೊಂಡು ಹೋಗಿದ್ದೆ. ಮಗು ಬಾಯಿಗೆ ಹಾಕಿಕೊಂಡರೆ ಬಣ್ಣ ಬಿಡುತ್ತದೆಯೇ ಎಂದು ಕೇಳಿದೆ. ನೀವು ಮಾತಾಡದೆ ಒದ್ದೆ ಬಟ್ಟೆ ತಂದು ಗಿಲಕಿಯನ್ನು ಜೋರಾಗಿ ಉಜ್ಜಿ, ಬಟ್ಟೆಯನ್ನು ನನ್ನ ಕೈಗೆ ಕೊಟ್ಟಿರಿ. ಬೆಳ್ಳಗೇ ಇತ್ತು. ದಿನಕ್ಕೆ ಎಷ್ಟೋ ಜನ ಬರುವ ಅಂಗಡಿ, ನಿಮಗೆ ಇದು ನೆನಪಿರಲಾರದು. ನನಗೆ ಮಾತ್ರ ಆ ಬಟ್ಟೆ ಚೆನ್ನಾಗಿ ನೆನಪಿದೆ.

ಅಕ್ಕ ಇರುವುದು ಧಾರವಾಡದಲ್ಲಿ. ಗಾಡಿ ನೋಡಿದ ಪಕ್ಕದ ಮನೆಯವರು ತಮಗೂ ಎರಡು ಬೇಕು ಎಂದರಂತೆ. ನಿಮ್ಮ ಕೈಚೀಲದ ಮೇಲೆ ಅಚ್ಚಾಗಿದ್ದ ವೆಬ್‌ಸೈಟ್ ವಿಳಾಸದ ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಹತ್ತೇ ನಿಮಿಷಕ್ಕೆ ಫೋನ್ ಬಂತು: "ಸುಮಾ, ಓಪನ್ ಏನೋ ಆಗ್ತಿದೆ, ಆದ್ರೆ ಏನೂ ಓದಕ್ಕಾಗ್ತಿಲ್ಲ. ಯಾವ ಭಾಷೆ ಇದು?" ಪಕ್ಕದ ಮನೆಯವರು ಕೊನೆಗೆ ಬೇರೆ ಕಡೆ ಪ್ಲಾಸ್ಟಿಕ್ ಗಾಡಿ ತರಿಸಿಕೊಂಡರು.

ಚಿಕ್ಕ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದೇ ನನ್ನ ಕಸುಬು, ಆರು ವರ್ಷವಾಯಿತು. ಹಾಗಾಗಿ ಆ ರಾತ್ರಿ ಕೂತು ನಿಮ್ಮ ಪುಟಗಳನ್ನೆಲ್ಲ ನೋಡಿದೆ. ನಿಮ್ಮಿಂದ ಕೆಲಸ ಕೇಳುವುದಕ್ಕೇ ಈ ಮೇಲ್ ಬರೆಯುತ್ತಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇದರಲ್ಲಿ ಹೇಳಿರುವ ಕೆಲವನ್ನು ನನಗೆ ಒಂದು ರೂಪಾಯಿಯನ್ನೂ ಕೊಡದೆ ನೀವೇ ಸರಿ ಮಾಡಿಸಿಕೊಳ್ಳಬಹುದು.

ಮೊದಲು ಅಕ್ಷರದ ವಿಷಯ. ಫೋನಿನಲ್ಲಿ ತೆರೆದರೆ ನಿಮ್ಮ ಮೊದಲ ಪುಟದಲ್ಲಿ "ಚನ್ನಪಟ್ಟಣ" ಎಂದು ಇರಬೇಕಾದ ಕಡೆ ಹೀಗೆ ಕಾಣುತ್ತದೆ:

ZÀ£Àß¥ÀlÖt

ಇದರಲ್ಲಿ ಸೈಟ್ ಮಾಡಿಕೊಟ್ಟವರ ತಪ್ಪೇನೂ ಇಲ್ಲ. ಪುಟದ ತಳದಲ್ಲಿ 2009 ಎಂದಿದೆ. ಆಗ ಕನ್ನಡ ಎಂದರೆ ನುಡಿ ಅಥವಾ ಬರಹ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡುವುದೇ ರೂಢಿ. ಆ ಹಳೆಯ ಫಾಂಟ್‌ಗಳು ಒಳಗೆ ಇಂಗ್ಲಿಷ್ ಕೀಲಿಗಳ ಗುರುತನ್ನೇ ಇಟ್ಟುಕೊಂಡು, ಅದರ ಮೇಲೆ ಕನ್ನಡದ ಆಕಾರವನ್ನು ತೋರಿಸುತ್ತಿದ್ದವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಒಳಗಿನ ಗುರುತು ಹೊರಗೆ ಬಂದುಬಿಡುತ್ತದೆ. ನಿಮ್ಮ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ನುಡಿ ಇದ್ದರೆ ನಿಮಗೆ ಇಂದಿಗೂ ಎಲ್ಲ ಸರಿಯಾಗಿಯೇ ಕಾಣುತ್ತಿರಬಹುದು. ಗಿರಾಕಿಯ ಫೋನಿನಲ್ಲಿ ಆ ಫಾಂಟ್ ಇರುವುದಿಲ್ಲ. ಈಗ ಎಲ್ಲ ಫೋನ್‌ಗಳೂ ಬಳಸುವುದು ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ.

ಓದಲು ಆಗದಿರುವುದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಯಾರಾದರೂ ಗೂಗಲ್‌ನಲ್ಲಿ "ಚನ್ನಪಟ್ಟಣದ ಮರದ ಗೊಂಬೆ" ಎಂದು ಕನ್ನಡದಲ್ಲಿ ಹುಡುಕಿದರೆ ನಿಮ್ಮ ಪುಟ ಸಿಗುವುದಿಲ್ಲ. ಗೂಗಲ್ ಪಾಲಿಗೆ ಅಲ್ಲಿ ಕನ್ನಡದ ಒಂದು ಪದವೂ ಇಲ್ಲ.

ನಿಮ್ಮ ಪುಟಗಳಲ್ಲಿರುವ ಬರಹವನ್ನು ನಾನು ಯೂನಿಕೋಡ್‌ಗೆ ಬದಲಿಸಿ ಓದಿದೆ. ಸರ್, ಅದು ಬಹಳ ಚೆನ್ನಾಗಿದೆ. ಹಾಲೆ ಮರವನ್ನೇ ಯಾಕೆ ಆರಿಸುತ್ತಾರೆ, ಕಡಿದ ಮೇಲೆ ಎಷ್ಟು ಒಣಗಿಸಬೇಕು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಆ ಉಜ್ಜಾಟದ ಬಿಸಿಗೇ ಅರಗು ಕರಗಿ ಹೇಗೆ ಹತ್ತಿಕೊಳ್ಳುತ್ತದೆ, ಕೊನೆಗೆ ತಾಳೆ ಗರಿ ಹಿಡಿದು ಹೊಳಪು ಬರಿಸುವುದು, ನಿಮ್ಮ ತಂದೆಯವರು ಕೈಯಲ್ಲಿ ಬಿಲ್ಲು ಎಳೆದು ಕಡೆಯುತ್ತಿದ್ದ ಕಾಲ ಹೋಗಿ ಕರೆಂಟಿನ ಮೋಟರು ಬಂದದ್ದು, ಎಲ್ಲವನ್ನೂ ಬರೆದಿದ್ದೀರಿ. ಗೊಂಬೆ ಮಾರುವ ಎಷ್ಟೋ ಸೈಟುಗಳನ್ನು ನೋಡಿದ್ದೇನೆ. ಸ್ವತಃ ಕಡೆಯುವವರು ಬರೆದ ಇಂಥ ಮಾತು ಎಲ್ಲೂ ಕಂಡಿಲ್ಲ. ಹೊಸ ಸೈಟ್ ಯಾರೇ ಮಾಡಿಕೊಡಲಿ, ಈ ಬರಹವನ್ನು ಮಾತ್ರ ತೆಗೆದುಹಾಕಲು ಬಿಡಬೇಡಿ. ಬದಲಿಸಿದ ಪೂರ್ತಿ ಪಠ್ಯವನ್ನು ಈ ಮೇಲ್ ಜೊತೆ ಲಗತ್ತಿಸಿದ್ದೇನೆ. ಒತ್ತಕ್ಷರಗಳು ಕೆಲವು ಕಡೆ ಕೆಟ್ಟಿದ್ದವು, ಕೈಯಲ್ಲೇ ತಿದ್ದಿದೆ. ಅದು ನಿಮ್ಮದೇ ಬರಹ, ಇಟ್ಟುಕೊಳ್ಳಿ.

ಉಳಿದವನ್ನು ಬೇಗ ಹೇಳುತ್ತೇನೆ. ಮೊದಲ ಪುಟದ ನಡುವೆ ಒಂದು ಖಾಲಿ ಚೌಕ ಇದೆ. ಅಲ್ಲಿ ಬುಗುರಿ ತಿರುಗುವ ಫ್ಲ್ಯಾಶ್ ಚಿತ್ರ ಇತ್ತು ಎಂದು ಒಳಗಿನ ಫೈಲ್ ಹೆಸರು ಹೇಳುತ್ತದೆ. ಫ್ಲ್ಯಾಶ್ ಅನ್ನು ಅದರ ಕಂಪನಿಯೇ 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು, ಈಗ ಯಾವ ಬ್ರೌಸರಿನಲ್ಲೂ ಓಡುವುದಿಲ್ಲ. ವಿಳಾಸದ ಪಕ್ಕದಲ್ಲಿ "Not secure" ಎಂದು ಬರುತ್ತದೆ. ಸೈಟ್ ಇನ್ನೂ http ನಲ್ಲಿರುವುದೇ ಇದಕ್ಕೆ ಕಾರಣ. ಕ್ರೋಮ್ 2018ರ ಜುಲೈನಿಂದ ಇಂಥ ಎಲ್ಲ ಸೈಟುಗಳಿಗೂ ಈ ಮಾತು ತೋರಿಸುತ್ತಿದೆ. ನಿಮ್ಮಲ್ಲಿ ಕಳ್ಳತನ ಏನೂ ಆಗಿಲ್ಲ, ಆದರೆ ಹೊಸ ಗಿರಾಕಿ ಅದನ್ನು ಓದಿದರೆ ದುಡ್ಡು ಕಳಿಸಲು ಹಿಂಜರಿಯುತ್ತಾರೆ. ಫೋಟೋಗಳು ಕ್ಯಾಮೆರಾದಿಂದ ತೆಗೆದ ಗಾತ್ರದಲ್ಲೇ ಇವೆ, ಒಂದೊಂದೂ ನಾಲ್ಕು ಎಂಬಿ. ಫೋನ್ ನಂಬರು ಚಿತ್ರದೊಳಗೆ ಸೇರಿರುವುದರಿಂದ ಒತ್ತಿದರೆ ಕರೆ ಹೋಗುವುದಿಲ್ಲ. ನನ್ನ ಫೋನಿನಲ್ಲಿ ನಿಮ್ಮ ಸೈಟ್ ತೆರೆದು ನಲವತ್ತು ಸೆಕೆಂಡಿನ ವಿಡಿಯೋ ಮಾಡಿದ್ದೇನೆ. ಈ ಪತ್ರಕ್ಕಿಂತ ಅದನ್ನು ನೋಡಿದರೆ ಬೇಗ ಅರ್ಥವಾಗುತ್ತದೆ.

ಇವುಗಳಲ್ಲಿ "Not secure" ಅನ್ನು ನೀವೇ ಹೋಗಿಸಬಹುದು. ಹೋಸ್ಟಿಂಗ್ ಕಂಪನಿಗೆ ಫೋನ್ ಮಾಡಿ "ಎಸ್‌ಎಸ್‌ಎಲ್ ಹಾಕಿ ಸೈಟನ್ನು https ಗೆ ಬದಲಿಸಿಕೊಡಿ, ಲೆಟ್ಸ್ ಎನ್‌ಕ್ರಿಪ್ಟ್‌ನದು ಸಾಕು" ಎನ್ನಿ. ಅದು ಉಚಿತ ಪ್ರಮಾಣಪತ್ರ. ದುಡ್ಡು ಕೇಳಿದರೆ ಯಾಕೆ ಎಂದು ಕೇಳಿ.

ಇನ್ನೊಂದು ತುರ್ತಿನದು, ದಯವಿಟ್ಟು ಇದನ್ನು ಇವತ್ತೇ ನೋಡಿ. ನಿಮ್ಮ ಡೊಮೇನ್, ಅಂದರೆ ವೆಬ್ ವಿಳಾಸದ ಹೆಸರು, ನವೆಂಬರ್ 14ಕ್ಕೆ ಅವಧಿ ಮುಗಿಯುತ್ತದೆ. ದಿನಾಂಕ ಯಾರು ಬೇಕಾದರೂ ನೋಡಬಹುದಾದ ನೋಂದಣಿ ದಾಖಲೆಯಲ್ಲಿದೆ, ಯಾರ ಹೆಸರಲ್ಲಿದೆ ಎನ್ನುವುದು ಹೊರಗಿನವರಿಗೆ ಕಾಣದು. ಅಂದು ಮಾಡಿಕೊಟ್ಟವರು ತಮ್ಮ ಹೆಸರಿನಲ್ಲೇ ಕೊಂಡಿದ್ದರೆ, ನವೀಕರಿಸಲು ಮರೆತರೆ, ಹೆಸರು ಬೇರೆಯವರ ಪಾಲಾಗಬಹುದು. ಇದೇ ವಿಳಾಸ ನಿಮ್ಮ ಕೈಚೀಲಗಳ ಮೇಲೆ, ಬೋರ್ಡಿನ ಮೇಲೆ ಇದೆ. ಅವರಿಂದ ಲಾಗಿನ್ ಪಡೆದು ನಿಮ್ಮ ಮೇಲ್, ನಿಮ್ಮ ಫೋನ್ ನಂಬರಿಗೆ ಬದಲಿಸಿಕೊಳ್ಳಿ. ನನಗೆ ಕೆಲಸ ಕೊಡದಿದ್ದರೂ ಇದೊಂದನ್ನು ಬಿಡಬೇಡಿ.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನಮ್ಮಪ್ಪ ಹಳೇ ಬೆಂಗಳೂರು–ಮೈಸೂರು ರಸ್ತೆಯ ಪಕ್ಕ ಚಿಕ್ಕ ಹೋಟೆಲ್ ನಡೆಸುತ್ತಿದ್ದರು. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಊರಿಗೂ ಬೈಪಾಸ್. ಮೊದಲು ಬೆಳಿಗ್ಗೆ ನಾಲ್ಕು ಹಂಡೆ ಸಾಂಬಾರ್ ಖರ್ಚಾಗುತ್ತಿದ್ದ ಕಡೆ ಒಂದೂ ಖಾಲಿಯಾಗದ ದಿನಗಳು ಬಂದವು. ಅಪ್ಪ ಒಂದು ವರ್ಷ ತಡೆದು, ಬಾಗಿಲು ಹಾಕಿದರು. ಇಡ್ಲಿಯನ್ನು ಧಾರವಾಡಕ್ಕೆ ಪಾರ್ಸೆಲ್ ಮಾಡಲು ಆಗುವುದಿಲ್ಲ, ಹಾಗಾಗಿ ನಾನು ಅವರಿಗೆ ಏನೂ ಮಾಡಲು ಆಗಲಿಲ್ಲ. ಗೊಂಬೆಯನ್ನು ಕಳಿಸಬಹುದು. ನಿಮ್ಮ ಅಂಗಡಿ ಎದುರು ಟೂರಿಸ್ಟ್ ಬಸ್ಸು ನಿಲ್ಲುವುದು ಕಡಿಮೆಯಾಗಿದೆ ಎಂದು ನೀವೇ ಅವತ್ತು ಹೇಳಿದಿರಿ. ರಸ್ತೆಯಲ್ಲಿ ಬರುತ್ತಿದ್ದ ಗಿರಾಕಿ ಈಗ ಫೋನಿನಲ್ಲಿ ಹುಡುಕುತ್ತಿದ್ದಾರೆ, ಅಲ್ಲಿ ನಿಮ್ಮ ಬಾಗಿಲು ತೆರೆದಿರಬೇಕು.

ನಾನು ಮಾಡಿಕೊಡಬೇಕೆಂದಿರುವುದು ಐದು ಪುಟದ ಸರಳ ಸೈಟ್, ಫೋನಿಗಾಗಿಯೇ ಮಾಡಿದ್ದು. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ. ಮೂವತ್ತು ಗೊಂಬೆಗಳು, ಪ್ರತಿಯೊಂದಕ್ಕೂ ಹಗಲು ಬೆಳಕಿನಲ್ಲಿ ತೆಗೆದ ಫೋಟೋ, ಎತ್ತರ, ಬೆಲೆ, ಎಷ್ಟು ವಯಸ್ಸಿನ ಮಗುವಿಗೆ ಎನ್ನುವುದು. ಕೆಳಗೆ ವಾಟ್ಸ್‌ಆಪ್ ಗುಂಡಿ. ಒತ್ತಿದರೆ "ಈ ಗೊಂಬೆ ಬೇಕು" ಎಂಬ ಸಂದೇಶ ಗೊಂಬೆಯ ಹೆಸರಿನೊಂದಿಗೆ ನಿಮ್ಮ ಫೋನಿಗೆ ಬರುತ್ತದೆ. ದುಡ್ಡು ಯುಪಿಐನಲ್ಲಿ, ಪಾರ್ಸೆಲ್ ಸ್ಪೀಡ್ ಪೋಸ್ಟಿನಲ್ಲಿ. ಒದ್ದೆ ಬಟ್ಟೆಯಲ್ಲಿ ಉಜ್ಜಿ ತೋರಿಸುವುದನ್ನು ನಿಮ್ಮ ಕೈಯಿಂದಲೇ ಮಾಡಿಸಿ, ಖಾಲಿ ಚೌಕ ಇರುವ ಜಾಗಕ್ಕೆ ಆ ವಿಡಿಯೋ ಹಾಕುತ್ತೇನೆ.

ಕಾರ್ಟ್, ಕಾರ್ಡ್ ಪಾವತಿ ಇರುವ ದೊಡ್ಡ ಆನ್‌ಲೈನ್ ಅಂಗಡಿ ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಎಷ್ಟು ದಾಸ್ತಾನು ಉಳಿದಿದೆ ಎಂದು ದಿನಾ ಕಂಪ್ಯೂಟರಿನಲ್ಲಿ ತಿದ್ದುತ್ತಿರಬೇಕು, ಇಲ್ಲದಿದ್ದರೆ ಇಲ್ಲದ ಗೊಂಬೆಗೆ ದುಡ್ಡು ಬಂದು ಕೂರುತ್ತದೆ. ವಾರಕ್ಕೆ ಇಪ್ಪತ್ತು ಆರ್ಡರ್ ದಾಟಿದ ಮೇಲೆ ನೋಡೋಣ. ಜಿಐ ಗುರುತಿನ ವಿಷಯವೂ ಅಷ್ಟೇ. ಚನ್ನಪಟ್ಟಣದ ಗೊಂಬೆಗೆ ಅದು ಇದೆ, ಆದರೆ ಗುರುತು ಹಾಕಿಕೊಳ್ಳಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿರಬೇಕು. ನೀವು ನೋಂದಾಯಿಸಿದ್ದರೆ ದೊಡ್ಡದಾಗಿ ಹಾಕೋಣ.

ನನ್ನ ದರ ಫೋಟೋ, ವಿಡಿಯೋ ಸೇರಿ 18,000 ರೂಪಾಯಿ. ಮೂರು ವಾರದ ಕೆಲಸ. ಶುರುವಿಗೆ 6,000, ಉಳಿದದ್ದು ಸೈಟ್ ನಿಮ್ಮ ಫೋನಿನಲ್ಲಿ ತೆರೆದು ನೀವು ಒಪ್ಪಿದ ಮೇಲೆ. ಡೊಮೇನ್ ಮತ್ತು ಹೋಸ್ಟಿಂಗ್ ದುಡ್ಡನ್ನು ನೀವೇ ನೇರವಾಗಿ ಕಟ್ಟುತ್ತೀರಿ, ಎಲ್ಲ ನಿಮ್ಮ ಹೆಸರಿನಲ್ಲೇ ಇರುತ್ತದೆ. ನಾಳೆ ನಾನು ಬೇಡವಾದರೆ ಬೇರೆಯವರಿಗೆ ಕೊಡಲು ನನ್ನನ್ನು ಕೇಳಬೇಕಾಗಿಲ್ಲ. ಬೆಲೆ ಬದಲಿಸುವುದು, ಹೊಸ ಗೊಂಬೆ ಸೇರಿಸುವುದನ್ನು ಮನೆಯಲ್ಲಿ ಯಾರಿಗಾದರೂ ಒಂದು ಗಂಟೆ ಕೂತು ಕಲಿಸಿಕೊಡುತ್ತೇನೆ. ಮೊದಲ ಪುಟ ಹೇಗಿರಬಹುದು ಎಂಬ ಮಾದರಿ ಚಿತ್ರವನ್ನೂ ಲಗತ್ತಿಸಿದ್ದೇನೆ. ಅದರಲ್ಲಿರುವುದು ಅಕ್ಕನ ಮಗುವಿನ ಕೈಯಲ್ಲಿರುವ ನಿಮ್ಮದೇ ಗಿಲಕಿ.

ಬರುವ ಮಂಗಳವಾರ ಬೇರೆ ಕೆಲಸಕ್ಕೆ ರಾಮನಗರಕ್ಕೆ ಹೋಗುತ್ತಿದ್ದೇನೆ. ಹನ್ನೊಂದು ಗಂಟೆಗೆ ಅಂಗಡಿಗೆ ಬರಲೇ? ಹದಿನೈದು ನಿಮಿಷ ಸಾಕು, ಗಿರಾಕಿ ಬಂದರೆ ಕಾಯುತ್ತೇನೆ. ಈ ಮೇಲ್‌ಗೆ "ಬನ್ನಿ" ಎಂದು ಉತ್ತರಿಸಿ. ಬೇಡವಾದರೆ "ಬೇಡ" ಎನ್ನಿ, ಮತ್ತೆ ಬರೆದು ತೊಂದರೆ ಕೊಡುವುದಿಲ್ಲ.

ಅಂಥದೇ ಎರಡು ಆನೆ ಗಾಡಿ ಇದ್ದರೆ ತೆಗೆದಿಡಿ, ಮಂಗಳವಾರ ದುಡ್ಡು ಕೊಟ್ಟು ಒಯ್ಯುತ್ತೇನೆ. ಅಕ್ಕ ಇನ್ನೂ ಕೇಳುತ್ತಲೇ ಇದ್ದಾಳೆ.

ವಂದನೆಗಳೊಂದಿಗೆ,
ಸುಮಾ
ವೆಬ್ ಡಿಸೈನರ್, ಮದ್ದೂರು

ಲಗತ್ತು: ಯೂನಿಕೋಡ್‌ಗೆ ಬದಲಿಸಿದ ನಿಮ್ಮ ಬರಹ, ಫೋನಿನಲ್ಲಿ ಸೈಟ್ ತೆರೆದ ವಿಡಿಯೋ, ಮೊದಲ ಪುಟದ ಮಾದರಿ