ಹತ್ತು ಪಾಯಿಂಟ್

ಸಾಗರದಲ್ಲಿ ಕಿರಾಣಿ ಅಂಗಡಿಯ ಮೇಲಿನ ಕೋಣೆ. ಭಾನುವಾರ ಸಂಜೆ ಆರು ಚೆಸ್ ಬೋರ್ಡು, ಹೊರಗೆ ಜೋರು ಮಳೆ. ಮೂಲೆಯಲ್ಲಿ ಶ್ರೀಪಾದರಾಯರು, ತೊಡೆ ಮೇಲೆ ಕೆಂಪು ಬಟ್ಟೆ ರಟ್ಟಿನ ಪುಸ್ತಕ. ಸಾಂಖ್ಯಿಕ ಇಲಾಖೆಯಿಂದ ನಿವೃತ್ತರಾದ ಮೇಲೆ ಕ್ಲಬ್ಬಿನ ರೇಟಿಂಗ್ ಬರೆಯುವುದು ಅವರೇ. ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡ ಎಲೋ ಲೆಕ್ಕವೇ ಇಲ್ಲೂ. ಬರೆಯುವುದು ಮಾತ್ರ ಪೆನ್ಸಿಲ್ಲಿನಲ್ಲಿ.

ಅವತ್ತು ಹಳೆಯ ಪುಟ ತಿರುವುತ್ತಾ ಅವರ ಕೈ ನಿಂತಿತು.

"ಮಂಜಣ್ಣ, ಬಾರಯ್ಯ ಇಲ್ಲಿ."

ಗ್ಯಾರೇಜಿನ ಮಂಜಣ್ಣ ಕೈ ಒರೆಸಿಕೊಳ್ಳುತ್ತಾ ಬಂದ.

"ಹೋದ ವರ್ಷ ನೀನು 1200, ಮೇಷ್ಟ್ರು 1400. ನೀನು ಗೆದ್ದೆ. ಗೆಲುವಿನ ಒಂದು ಅಂಕದಲ್ಲಿ ನಿನ್ನ ನಿರೀಕ್ಷೆ 0.24. ಉಳಿದ 0.76ನ್ನು 20ರಿಂದ ಗುಣಿಸಿದರೆ 15 ಬರಬೇಕು. ನಾನು ತಿರುಗಾಮುರುಗಾ ನೋಡಿ 0.24ನ್ನೇ ಗುಣಿಸಿ 5 ಕೊಟ್ಟಿದ್ದೇನೆ."

"ಹತ್ತು ಪಾಯಿಂಟ್ ತಾನೇ? ಬಿಡಿ ಸಾರ್."

"ಬಿಡೋಕಾಗಲ್ಲ. ಆಮೇಲೆ ನೀನು ಆಡಿದವರ ಲೆಕ್ಕಕ್ಕೂ ಆ ತಪ್ಪು ಹೋಗಿದೆ. ಅವರ ಜೊತೆ ಆಡಿದವರಿಗೂ."

ಆ ವಾರವಿಡೀ ರಾಯರ ಮನೆ ದೀಪ ತಡರಾತ್ರಿವರೆಗೂ ಉರಿಯುತ್ತಿತ್ತು. ನಲವತ್ತೊಂದು ಪುಟ. ಹಳೆಯ ಅಂಕಿಯನ್ನು ಅವರು ಅಳಿಸಲಿಲ್ಲ. ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆದು ಸಹಿ ಹಾಕಿದರು. ತಪ್ಪು ಎಲ್ಲಿತ್ತು ಅಂತ ಕಾಣಬೇಕಲ್ವಾ?

ಮುಂದಿನ ಭಾನುವಾರ ಮಂಜಣ್ಣ ಪುಸ್ತಕ ತೆಗೆದು ತನ್ನ ಸಾಲನ್ನು ಬೆರಳಿಟ್ಟು ಓದಿದ. ಎರಡು ಸಲ. ಆಮೇಲೆ ಸುಮ್ನೆ ರಾಯರ ಎದುರು ಕೂತು ಕಾಯಿ ಜೋಡಿಸಿದ.

"ಬಿಳಿ ನಿಮ್ದು ಸಾರ್."